ಘಟನಾ ವರದಿಯಲ್ಲಿ ‘ಮಾಡಲಾಯಿತು’: ಎಲ್ಲಿ ಬೇಕು, ಎಲ್ಲಿ ಬೇಡ

ಒಂದು ಆನ್‌ಲೈನ್ ಸೇವೆ ಮೂರು ಗಂಟೆ ನಿಂತುಹೋಯಿತು ಎಂದುಕೊಳ್ಳಿ. ಡಿಸ್ಕ್ ತುಂಬಿ ಡೇಟಾಬೇಸ್ ಕೆಲಸ ನಿಲ್ಲಿಸಿತ್ತು. ಆಮೇಲೆ ಬಂದ ವರದಿಯಲ್ಲಿ ಹೀಗೊಂದು ಸಾಲು ಇದೆ: ‘ಡಿಸ್ಕ್ ತುಂಬುತ್ತಿರುವ ಕುರಿತ ಎಚ್ಚರಿಕೆಯನ್ನು ಸಕಾಲದಲ್ಲಿ ಗಮನಿಸಲಾಗಲಿಲ್ಲ.’

ಓದಲು ಚೆನ್ನಾಗೇ ಇದೆ. ವ್ಯಾಕರಣದ ತಪ್ಪಿಲ್ಲ, ಸುಳ್ಳೂ ಇಲ್ಲ. ಆದರೆ ಅಲ್ಲಿ ಏನು ನಡೆಯಿತು ಎಂಬುದು ಇದರಿಂದ ಗೊತ್ತಾಗುವುದಿಲ್ಲ. ಅಲರ್ಟ್ ಸಕಾಲಕ್ಕೆ ಹೊರಟೇ ಇರಲಿಲ್ಲವೇನೋ; ಅದರ ಮಿತಿಯನ್ನು ಶೇ. 95ಕ್ಕೆ ಇಟ್ಟಿದ್ದರಿಂದ ಅದು ಕೂಗುವಷ್ಟರಲ್ಲಿ ಕಾಲ ಮಿಂಚಿತ್ತೇನೋ. ಅಥವಾ ಅಲರ್ಟ್ ಹೊರಟಿತ್ತು, ಆದರೆ ಈಗ ಯಾರೂ ನೋಡದ ಒಂದು ಹಳೆಯ ಚಾಟ್ ಗುಂಪಿಗೆ ಹೋಗಿತ್ತು. ಅಥವಾ ಆನ್‌ಕಾಲ್ ಇಂಜಿನಿಯರ್ ಅದನ್ನು ನೋಡಿದ್ದರು, ಆದರೆ ವಾರವಿಡೀ ಸುಮ್ನೆ ಬಂದು ಹೋಗುತ್ತಿದ್ದ ಅಲರ್ಟ್‌ಗಳಂತೆ ಇದೂ ಒಂದು ಎಂದು ಬಿಟ್ಟಿದ್ದರು. ಅದೂ ಅಲ್ಲದಿದ್ದರೆ, ಅವರು ನೋಡಿ ಮೇಲಿನವರಿಗೆ ಹೇಳಿದ್ದರು, ಮೇಲಿನವರು ‘ಬಿಡುಗಡೆ ಮುಗಿಯಲಿ, ನಾಳೆ ನೋಡೋಣ’ ಎಂದಿದ್ದರು.

ನಾಲ್ಕೂ ಬೇರೆ ಬೇರೆ ಘಟನೆಗಳು, ನಾಲ್ಕಕ್ಕೂ ಬೇರೆ ಬೇರೆ ಪರಿಹಾರ. ಮೊದಲನೆಯದಕ್ಕೆ ಅಲರ್ಟ್‌ನ ಮಿತಿ ಬದಲಾಗಬೇಕು, ಎರಡನೆಯದಕ್ಕೆ ಅಲರ್ಟ್ ಹೋಗುವ ಜಾಗ. ಮೂರನೆಯದರಲ್ಲಿ ಸುಳ್ಳು ಅಲರ್ಟ್‌ಗಳನ್ನು ಕಡಿಮೆ ಮಾಡಬೇಕು. ನಾಲ್ಕನೆಯದರಲ್ಲಿ ಬಿಡುಗಡೆಯನ್ನು ತಡೆಹಿಡಿಯುವ ಅಧಿಕಾರ ಯಾರಿಗಿದೆ ಎಂದು ತೀರ್ಮಾನಿಸಬೇಕು. ‘ಗಮನಿಸಲಾಗಲಿಲ್ಲ’ ಎಂಬ ಒಂದೇ ಪದ ನಾಲ್ಕನ್ನೂ ಮುಚ್ಚಿಹಾಕಿತು.

ಇಂಥ ಕಡೆ ಸಾಮಾನ್ಯವಾಗಿ ಸಿಗುವ ಸಲಹೆ ‘ಕರ್ಮಣಿ ಪ್ರಯೋಗ ಬಿಡಿ, ಕರ್ತರಿಯಲ್ಲಿ ಬರೆಯಿರಿ’ ಎಂಬುದು. ಈ ಸಲಹೆಯಲ್ಲಿ ಅರ್ಧ ಸತ್ಯವಿದೆ. ಎಲ್ಲ ಕಡೆ ಕರ್ತೃವನ್ನು ತಂದು ನಿಲ್ಲಿಸಿದರೆ ವರದಿ ಆರೋಪಪಟ್ಟಿಯಾಗುತ್ತದೆ. ಎಲ್ಲ ಕಡೆಯಿಂದ ತೆಗೆದುಬಿಟ್ಟರೆ ಹವಾಮಾನ ವರದಿಯ ಹಾಗಾಗುತ್ತದೆ. ಯಾವ ಸಾಲಿನಲ್ಲಿ ಕರ್ತೃ ಬೇಕು, ಯಾವುದರಲ್ಲಿ ಬೇಡ ಎಂಬುದೇ ಇಲ್ಲಿರುವ ನಿಜವಾದ ಪ್ರಶ್ನೆ.

ಕನ್ನಡದಲ್ಲಿ ಕರ್ತೃ ಮಾಯವಾಗುವ ಬಗೆ

ಶಾಲೆಯಲ್ಲಿ ಕಲಿತ ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂಬ ರೂಪವನ್ನು ಇಂದು ವರದಿಗಳಲ್ಲಿ ಯಾರೂ ಅಷ್ಟಾಗಿ ಬರೆಯುವುದಿಲ್ಲ. ನಮ್ಮ ವರದಿಗಳಲ್ಲಿ ಕರ್ತೃವನ್ನು ಮರೆಸುವುದು ಮುಖ್ಯವಾಗಿ ‘ಲಾಯಿತು, ಲಾಗಿದೆ, ಲಾಗುವುದು’ ಎಂಬ ಕೊನೆಗಳು. ಇವುಗಳ ಹಿಂದೆ ಯಾರೋ ಒಬ್ಬರು ಇದ್ದೇ ಇದ್ದಾರೆ, ಹೆಸರು ಮಾತ್ರ ಇಲ್ಲ. ‘ಸರ್ವರ್ ರೀಸ್ಟಾರ್ಟ್ ಮಾಡಲಾಯಿತು’ ಎಂದರೆ ಯಾರೋ ಮಾಡಿದ್ದಾರೆ ಎಂದಂತೂ ಗೊತ್ತಾಗುತ್ತದೆ.

ಇದಕ್ಕಿಂತ ಮೆತ್ತಗೆ ಕೆಲಸ ಮಾಡುವುದು ‘ಆಯಿತು’. ‘ಸರ್ವರ್ ರೀಸ್ಟಾರ್ಟ್ ಆಯಿತು’ ಎಂದು ಬರೆದರೆ ಮಾಡಿದವರು ಇದ್ದರೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಸರ್ವರ್ ತಾನಾಗಿಯೇ ಬಿದ್ದು ಎದ್ದಿತೇ? ಯಾವುದೋ ಸ್ಕ್ರಿಪ್ಟ್ ಮಾಡಿತೇ? ಒಬ್ಬರು ಕುಳಿತು ಕಮಾಂಡ್ ಕೊಟ್ಟರೇ? ಟೈಮ್‌ಲೈನ್‌ನಲ್ಲಿ ಈ ವ್ಯತ್ಯಾಸ ತುಂಬ ಮುಖ್ಯ. ತಾನಾಗಿ ಆದದ್ದಾದರೆ ಅದು ರೋಗದ ಲಕ್ಷಣ, ಯಾರಾದರೂ ಮಾಡಿದ್ದಾದರೆ ಅದು ಚಿಕಿತ್ಸೆ. ಎರಡನ್ನೂ ‘ಆಯಿತು’ ಎಂದು ಬರೆದಿಟ್ಟರೆ ಆರು ತಿಂಗಳ ನಂತರ ಓದುವವರಿಗೆ ಲಕ್ಷಣ ಯಾವುದು, ಚಿಕಿತ್ಸೆ ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ. ‘ಲಾಯಿತು’ವನ್ನು ಹುಡುಕಿ ತಿದ್ದುವವರೂ ಈ ‘ಆಯಿತು’ವನ್ನು ಬಿಟ್ಟುಬಿಡುತ್ತಾರೆ. ವ್ಯಾಕರಣದ ಪ್ರಕಾರ ಅದು ಕರ್ಮಣಿಯೇ ಅಲ್ಲವಲ್ಲ.

ಇನ್ನೊಂದು ರೂಪವಿದೆ: ‘ಇಂಜಿನಿಯರ್‌ನಿಂದ ತಪ್ಪಾಯಿತು’. ಇಲ್ಲಿ ಮಾಡಿದವರು ಕಾಣುತ್ತಾರೆ, ಆದರೆ ಏನು ಮಾಡಿದರು ಎಂಬುದು ಮಾಯ. ಬೆರಳು ಮಾತ್ರ ಅವರ ಕಡೆಗೆ ಚಾಚಿದೆ. ನನ್ನ ಲೆಕ್ಕದಲ್ಲಿ ಈ ಎಲ್ಲ ರೂಪಗಳಲ್ಲಿ ಅತಿ ಕೆಟ್ಟದ್ದು ಇದೇ, ಏಕೆಂದರೆ ಇದರಲ್ಲಿ ದೂಷಣೆ ಇದೆ, ಮಾಹಿತಿ ಇಲ್ಲ.

ಈ ರೂಪಗಳು ಓದುವವರ ತೀರ್ಪನ್ನೇ ಬದಲಾಯಿಸುತ್ತವೆ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ ಎಂಬ ಮನಃಶಾಸ್ತ್ರ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. 2004ರ ಸೂಪರ್ ಬೌಲ್ ವೇದಿಕೆಯ ಮೇಲೆ ಗಾಯಕಿಯೊಬ್ಬರ ಉಡುಪು ಹರಿದ ಪ್ರಸಿದ್ಧ ಘಟನೆಯನ್ನು ಅವರು ಓದುಗರ ಮುಂದಿಟ್ಟರು. ಒಂದು ಗುಂಪು ಓದಿದ ವಿವರಣೆಯಲ್ಲಿ ಸಹಗಾಯಕ ಉಡುಪನ್ನು ‘ಹರಿದ’ ಎಂದಿತ್ತು. ಇನ್ನೊಂದು ಗುಂಪಿನವರದ್ದರಲ್ಲಿ ಉಡುಪು ‘ಹರಿಯಿತು’ ಎಂದಿತ್ತು. ‘ಹರಿದ’ ಎಂದು ಓದಿದವರು ಆತನಿಗೆ ವಿಧಿಸಿದ ದಂಡ ಇನ್ನೊಂದು ಗುಂಪಿನವರದ್ದಕ್ಕಿಂತ ಶೇ. 50ಕ್ಕೂ ಹೆಚ್ಚು ಜಾಸ್ತಿ ಇತ್ತು. ವಿಡಿಯೊ ನೋಡಿದವರಲ್ಲೂ ಈ ವ್ಯತ್ಯಾಸ ಉಳಿಯಿತು. ಇಲ್ಲಿ ಹೋಲಿಸಿದ್ದು ಕರ್ತರಿ–ಕರ್ಮಣಿಯನ್ನಲ್ಲ, ‘ಹರಿದ’ ಮತ್ತು ‘ಹರಿಯಿತು’ವನ್ನು ಎಂಬುದನ್ನು ಗಮನಿಸಿ. ಕ್ರಿಯಾಪದವೊಂದರ ಆಯ್ಕೆಯೇ ಇಷ್ಟು ಕೆಲಸ ಮಾಡುತ್ತದೆ. ಹಾಗಿದ್ದಾಗ ವರದಿ ಬರೆಯುವವರು ಗೊತ್ತಿಲ್ಲದೆಯೇ ತೀರ್ಪು ಕೊಡುತ್ತಿರುತ್ತಾರೆ.

ಒಂದು ವರದಿಯ ನಾಲ್ಕು ಸಾಲು

ಅಮೆಜಾನ್‌ನ ಎಸ್3 ಎಂಬ ಕ್ಲೌಡ್ ಸಂಗ್ರಹ ಸೇವೆ 2017ರ ಫೆಬ್ರವರಿ 28ರಂದು ಉತ್ತರ ವರ್ಜೀನಿಯಾ ಪ್ರದೇಶದಲ್ಲಿ ಕೆಲವು ಗಂಟೆ ನಿಂತುಹೋಯಿತು. ಅದನ್ನು ನೆಚ್ಚಿಕೊಂಡಿದ್ದ ಅಸಂಖ್ಯಾತ ಸೈಟುಗಳೂ ಆ ಹೊತ್ತು ಮುಗ್ಗರಿಸಿದವು. ನಂತರ ಕಂಪನಿ ಒಂದು ವಿವರಣೆಯನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಕರ್ತೃ ಎಲ್ಲಿ ಬರುತ್ತಾನೆ, ಎಲ್ಲಿ ಮರೆಯಾಗುತ್ತಾನೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಅದರ ಸಾರ ಹೀಗಿದೆ. ಬಿಲ್ಲಿಂಗ್ ವ್ಯವಸ್ಥೆ ನಿಧಾನವಾಗಿತ್ತು, ತಂಡ ಅದರ ಕಾರಣ ಹುಡುಕುತ್ತಿತ್ತು. ಪೆಸಿಫಿಕ್ ಕಾಲಮಾನದಂತೆ ಬೆಳಿಗ್ಗೆ 9:37ಕ್ಕೆ, ಅಧಿಕಾರವಿದ್ದ ತಂಡದ ಸದಸ್ಯರೊಬ್ಬರು, ಮೊದಲೇ ನಿಗದಿಯಾಗಿದ್ದ ಕಾರ್ಯವಿಧಾನದಂತೆ, ಕೆಲವೇ ಸರ್ವರ್‌ಗಳನ್ನು ತೆಗೆಯುವ ಒಂದು ಕಮಾಂಡ್ ಚಲಾಯಿಸಿದರು. ಆ ಕಮಾಂಡ್‌ನ ಒಂದು ಇನ್‌ಪುಟ್ ಅನ್ನು ತಪ್ಪಾಗಿ ಕೊಡಲಾಗಿತ್ತು, ಹಾಗಾಗಿ ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳನ್ನು ತೆಗೆಯಲಾಯಿತು.

ಮೊದಲ ವಾಕ್ಯ ಕರ್ತರಿ: ಒಬ್ಬರು ಕಮಾಂಡ್ ಚಲಾಯಿಸಿದರು. ಎರಡನೆಯದು ಕರ್ಮಣಿ: ಇನ್‌ಪುಟ್ ತಪ್ಪಾಗಿ ಕೊಡಲಾಗಿತ್ತು. ತಪ್ಪಿನ ಜಾಗಕ್ಕೆ ಬರುತ್ತಿದ್ದಂತೆ ವ್ಯಕ್ತಿ ಜಾರಿಕೊಂಡರು. ಇದನ್ನು ಮುಚ್ಚಿಡುವಿಕೆ ಎಂದು ಟೀಕಿಸುವುದು ಸುಲಭ. ನಾನು ಒಪ್ಪುವುದಿಲ್ಲ. ಯಾರು ಟೈಪ್ ಮಾಡಿದರು ಎಂಬುದು ಹಿಂದಿನ ವಾಕ್ಯದಲ್ಲೇ ಸ್ಪಷ್ಟವಾಗಿದೆ, ಓದುಗರಿಗೆ ಯಾವ ಮಾಹಿತಿಯೂ ಕಳೆದುಹೋಗಿಲ್ಲ. ಕಡಿಮೆಯಾದದ್ದು ದೂಷಣೆಯ ಕಾವು ಮಾತ್ರ. ಮೊದಲ ವಾಕ್ಯದಲ್ಲಿ ‘ಅಧಿಕಾರವಿದ್ದ’, ‘ನಿಗದಿಯಾಗಿದ್ದ ಕಾರ್ಯವಿಧಾನದಂತೆ’ ಎಂಬ ಎರಡು ವಿವರಗಳೂ ಇವೆ. ಆ ವ್ಯಕ್ತಿ ನಿಯಮ ಮೀರಿರಲಿಲ್ಲ ಎಂದು ಅವು ಹೇಳುತ್ತವೆ. ಅಲ್ಲಿಗೆ ಪ್ರಶ್ನೆ ವ್ಯಕ್ತಿಯಿಂದ ವ್ಯವಸ್ಥೆಯ ಕಡೆಗೆ ಹೊರಳುತ್ತದೆ.

ವಿವರಣೆಯ ಮುಂದಿನ ಭಾಗ ಆ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಸರ್ವರ್‌ಗಳನ್ನು ತೆಗೆಯುವುದು ನಿರ್ವಹಣೆಯ ಮುಖ್ಯ ಕೆಲಸವೇ, ಆದರೆ ಈ ಟೂಲ್ ಅತಿ ಹೆಚ್ಚು ಸರ್ವರ್‌ಗಳನ್ನು ಅತಿ ಬೇಗ ತೆಗೆಯಲು ಬಿಟ್ಟಿತು ಎನ್ನುತ್ತದೆ. ಈಗ ಕರ್ತೃಸ್ಥಾನದಲ್ಲಿ ಟೂಲ್ ಇದೆ. ತಪ್ಪು ಇನ್‌ಪುಟ್ ಬಂದಾಗ ‘ಇಷ್ಟೊಂದು ತೆಗೆಯಲಾರೆ’ ಎಂದು ಟೂಲ್ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಸರಿಪಡಿಸಬಹುದಾದದ್ದು ಟೂಲ್. ಆದ್ದರಿಂದ ವಾಕ್ಯದ ಮುಖ್ಯ ಜಾಗ ಅದಕ್ಕೇ ಸಿಗಬೇಕು.

ಕೊನೆಯದಾಗಿ, ‘ನಾವು ಈ ಟೂಲ್ ಅನ್ನು ಬದಲಾಯಿಸಿದ್ದೇವೆ’ ಎಂಬ ಸಾಲು. ತೆಗೆಯುವ ವೇಗವನ್ನು ಇಳಿಸಿದ್ದೇವೆ, ಯಾವುದೇ ಉಪವ್ಯವಸ್ಥೆ ತನಗೆ ಬೇಕಾದ ಕನಿಷ್ಠ ಸಾಮರ್ಥ್ಯಕ್ಕಿಂತ ಕೆಳಗಿಳಿಯದಂತೆ ತಡೆ ಹಾಕಿದ್ದೇವೆ ಎಂದು ಅಲ್ಲಿದೆ. ಇಲ್ಲಿ ಕರ್ತೃ ‘ನಾವು’. ‘ಬದಲಾಯಿಸಲಾಗಿದೆ’ ಎಂದೂ ಬರೆಯಬಹುದಿತ್ತು. ‘ನಾವು’ ಎಂದಾಗ ಮಾತು ಸಂಸ್ಥೆಯ ಹೆಗಲಿಗೆ ಬರುತ್ತದೆ. ನಾಳೆ ಮತ್ತೆ ಹೀಗಾದರೆ ಯಾರನ್ನು ಕೇಳಬೇಕು ಎಂಬುದು ಗೊತ್ತಿರುತ್ತದೆ.

ಹೀಗೆ ನಾಲ್ಕು ಸಾಲುಗಳಲ್ಲಿ ಕರ್ತೃಸ್ಥಾನ ಮೂರು ಸಲ ಬದಲಾಯಿತು: ಸದಸ್ಯರು, ಯಾರೂ ಇಲ್ಲ, ಟೂಲ್, ನಾವು. ಕೈಜಾರಿದ ಕ್ಷಣದಲ್ಲಿ ಮಾತ್ರ ಕರ್ಮಣಿ ಬಂದಿದೆ. ಕೆಲಸ, ಕಾರಣ, ಹೊಣೆ ಈ ಮೂರರಲ್ಲೂ ಕರ್ತೃ ಎದುರಿಗೇ ಇದ್ದಾನೆ. ಇದೇ ವಿವರಣೆಯನ್ನು ತಲೆಕೆಳಗಾಗಿ ಬರೆದು ನೋಡಿ: ‘ಸದಸ್ಯರು ತಪ್ಪು ಇನ್‌ಪುಟ್ ಕೊಟ್ಟು ಸರ್ವರ್‌ಗಳನ್ನು ತೆಗೆದುಹಾಕಿದರು. ಇನ್ನು ಮುಂದೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ತಪ್ಪಿಗೆ ಕರ್ತರಿ, ಪರಿಹಾರಕ್ಕೆ ಕರ್ಮಣಿ. ನಾವು ಓದುವ ಎಷ್ಟೋ ವರದಿಗಳು ಇರುವುದು ಹೀಗೇ, ಅಲ್ವಾ? ವ್ಯಕ್ತಿ ಸಿಕ್ಕಿಬಿದ್ದರು, ಸಂಸ್ಥೆ ತಪ್ಪಿಸಿಕೊಂಡಿತು.

ಕರ್ತೃ ಸಿಗದೇ ಹೋದಾಗ

ಕರ್ತೃವನ್ನು ಹುಡುಕಲು ಹೊರಟರೆ ಕೆಲವು ಸಲ ಯಾರೂ ಸಿಗುವುದಿಲ್ಲ. ಹಾಗೆ ಸಿಗದಿರುವುದೇ ದೊಡ್ಡ ಸಂಗತಿಯಾಗಿರಬಹುದು. ಇದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಪ್ರಕರಣ ನೋಡಬೇಕು. 2017ರ ಜನವರಿ 31ರ ರಾತ್ರಿ ಅಲ್ಲಿನ ಇಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿರುವ ಡೇಟಾ ಅಳಿಸಲು ಹೋಗಿ, ಮುಖ್ಯ ಸರ್ವರ್‌ನದ್ದನ್ನೇ ಅಳಿಸಿಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಡೇಟಾದಲ್ಲಿ ಉಳಿದದ್ದು 4.5 ಜಿಬಿ. ಸಂಸ್ಥೆ ತನ್ನ ವರದಿಯನ್ನು ಬಹಿರಂಗವಾಗಿ ಪ್ರಕಟಿಸಿತು. ಇಂಜಿನಿಯರ್‌ನ ಹೆಸರಿನ ಬದಲು `team-member-1` ಎಂದು ಬರೆಯಿತು.

ಇಂಥ ಗುರುತು ತುಂಬ ಉಪಯುಕ್ತ. ಕರ್ತರಿ ಪ್ರಯೋಗದ ಎಲ್ಲ ಸ್ಪಷ್ಟತೆಯೂ ಸಿಗುತ್ತದೆ: ಯಾರು ಯಾವ ಸರ್ವರ್‌ನಲ್ಲಿದ್ದೇವೆ ಎಂದುಕೊಂಡಿದ್ದರು, ಏನು ಮಾಡಿದರು, ಮುಂದಿನ ಹೆಜ್ಜೆ ಇಟ್ಟವರೂ ಅವರೇನಾ ಎಂಬುದು ಗೋಜಲಾಗುವುದಿಲ್ಲ. ಹೆಸರು ಹೇಳುವುದು ಬೇರೆ, ಕರ್ತೃವನ್ನು ಹೇಳುವುದು ಬೇರೆ. ಈ ಎರಡನ್ನು ಒಂದೇ ಎಂದುಕೊಂಡಿರುವುದರಿಂದಲೇ ಅನೇಕರು ಒಬ್ಬರನ್ನು ಕಾಪಾಡಲು ಹೋಗಿ ಇಡೀ ವರದಿಯನ್ನು ‘ಲಾಯಿತು’ಗಳಿಂದ ತುಂಬುತ್ತಾರೆ.

ಆದರೆ ಆ ವರದಿಯ ನಿಜವಾದ ತಿರುಳು ಬ್ಯಾಕಪ್‌ನ ಕಥೆಯಲ್ಲಿದೆ. ‘ಬ್ಯಾಕಪ್ ತೆಗೆದಿಡಲಾಗಿರಲಿಲ್ಲ’ ಎಂದು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. `pg_dump` ಎಂಬ ಬ್ಯಾಕಪ್ ಪ್ರೋಗ್ರಾಂ ದಿನಾ ಓಡುತ್ತಲೇ ಇತ್ತು. ಡೇಟಾಬೇಸ್ ಇದ್ದದ್ದು 9.6 ಆವೃತ್ತಿಯಲ್ಲಿ, ಓಡುತ್ತಿದ್ದ `pg_dump` ಮಾತ್ರ 9.2 ಆವೃತ್ತಿಯದು. ಹಾಗಾಗಿ ಅದು ಪ್ರತಿಸಲವೂ ಸೋಲುತ್ತಿತ್ತು. ಸೋತಾಗಲೆಲ್ಲ ಮೇಲ್ ಕಳಿಸುತ್ತಿತ್ತು. ಆ ಮೇಲ್‌ಗಳನ್ನು ಸ್ವೀಕರಿಸುವ ಸರ್ವರ್ ಸರಿಯಾದ ಸಹಿ ಇಲ್ಲವೆಂದು ತಿರಸ್ಕರಿಸುತ್ತಿತ್ತು. ಪ್ರತಿ ವಾಕ್ಯಕ್ಕೂ ಒಂದು ಕರ್ತೃವಿದೆ, ಮನುಷ್ಯರಲ್ಲ ಅಷ್ಟೆ. ಸರಪಳಿ ಎಲ್ಲಿ ತುಂಡಾಯಿತು ಎಂದು ಕಣ್ಣಿಗೆ ಕಟ್ಟುತ್ತದೆ.

ಮುಂದಿನ ಪ್ರಶ್ನೆ: ಬ್ಯಾಕಪ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬೇಕಾಗಿದ್ದವರು ಯಾರು? ಯಾರೂ ಇರಲಿಲ್ಲ. ಆ ಕೆಲಸ ಯಾರ ಹೊಣೆಯಲ್ಲೂ ಇರಲಿಲ್ಲ, ಹಾಗಾಗಿ ಯಾರೂ ಪರೀಕ್ಷಿಸುತ್ತಿರಲಿಲ್ಲ ಎಂದು ವರದಿಯೇ ಬರೆದುಕೊಂಡಿತು. ‘ಪರೀಕ್ಷಿಸಲಾಗುತ್ತಿರಲಿಲ್ಲ’ ಎಂಬ ವಾಕ್ಯದಲ್ಲಿ ಈ ಅಂಶ ಹೊರಬರುತ್ತಲೇ ಇರಲಿಲ್ಲ. ಕರ್ಮಣಿ ವಾಕ್ಯ ಕರ್ತೃವಿನ ಜಾಗವನ್ನು ಸದ್ದಿಲ್ಲದೆ ಅಳಿಸಿಬಿಡುತ್ತದೆ. ಕರ್ತರಿಯಲ್ಲಿ ಬರೆಯಲು ಕೂತಾಗ ಆ ಜಾಗ ಖಾಲಿಯಾಗಿ ಎದ್ದು ಕಾಣುತ್ತದೆ, ತುಂಬಲು ಹೋದಾಗ ‘ಅರೆ, ಇದನ್ನು ನೋಡುವವರೇ ಇರಲಿಲ್ಲ’ ಎಂದು ತಿಳಿಯುತ್ತದೆ.

ಕರ್ತರಿಯೂ ದಾರಿ ತಪ್ಪಿಸುತ್ತದೆ. ‘ಇಂಜಿನಿಯರ್ ಯಾವ ಸರ್ವರ್ ಎಂದು ಪರಿಶೀಲಿಸಲಿಲ್ಲ’ ಎಂದು ಬರೆದರೆ ಕರ್ತೃ ಇದ್ದಾರೆ, ವಾಕ್ಯವೂ ನೇರವಾಗಿದೆ. ಆದರೆ ಅದು ಹೇಳುವುದು ನಡೆಯದೇ ಇದ್ದ ಸಂಗತಿಯನ್ನು. ಆ ರಾತ್ರಿ ನಡೆಯದೇ ಇದ್ದದ್ದು ಸಾವಿರ ಇವೆ, ಅದರಲ್ಲಿ ಇದೊಂದನ್ನು ಆಯ್ದದ್ದು ನಮಗೆ ಫಲಿತಾಂಶ ಗೊತ್ತಿರುವುದರಿಂದ. ನಡೆದದ್ದನ್ನು ಬರೆಯಲು ಹೋದರೆ ವಾಕ್ಯ ಬೇರೆಯಾಗುತ್ತದೆ: ‘ಇಂಜಿನಿಯರ್ ಎರಡನೇ ಸರ್ವರ್‌ನಲ್ಲಿದ್ದೇನೆ ಎಂದುಕೊಂಡು ಕಮಾಂಡ್ ಕೊಟ್ಟರು. ಎರಡು ಸರ್ವರ್‌ಗಳ ಹೆಸರಿನಲ್ಲಿ ಬೇರೆ ಇದ್ದದ್ದು ಒಂದೇ ಅಂಕಿ.’ ಮೊದಲ ವಾಕ್ಯದಿಂದ ಹುಟ್ಟುವ ಪರಿಹಾರ ‘ಎಚ್ಚರದಿಂದಿರಿ’ ಎಂಬುದು. ಎರಡನೆಯದರಿಂದ ಹುಟ್ಟುವುದು ‘ಯಾವ ಸರ್ವರ್ ಎಂದು ಪರದೆಯ ಮೇಲೆ ಎದ್ದು ಕಾಣಿಸಿ’ ಎಂಬುದು. ಗಿಟ್‌ಲ್ಯಾಬ್‌ನವರು ಪಟ್ಟಿ ಮಾಡಿದ ಸುಧಾರಣೆಗಳಲ್ಲಿ ಟರ್ಮಿನಲ್ ಪ್ರಾಂಪ್ಟ್ ಬದಲಾಯಿಸಿ ಸರ್ವರ್‌ಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ತೋರಿಸುವುದೂ ಇತ್ತು. ಹಾಗಾಗಿ ‘-ಲಿಲ್ಲ’ ಎಂದು ಮುಗಿಯುವ ಕರ್ತರಿ ವಾಕ್ಯಗಳನ್ನು ‘ಲಾಯಿತು’ಗಳಷ್ಟೇ ಅನುಮಾನದಿಂದ ನೋಡಬೇಕು.

ಕರ್ಮಣಿಯೇ ಸರಿಯಾದ ಜಾಗಗಳೂ ಇವೆ. ಘಟನೆ ಇನ್ನೂ ನಡೆಯುತ್ತಿರುವಾಗ ಹೊರಬರುವ ಮೊದಲ ಪ್ರಕಟಣೆಯಲ್ಲಿ ಕಾರಣ ಗೊತ್ತಿರುವುದಿಲ್ಲ. ಆಗ ‘ಕೆಲವು ಕೋರಿಕೆಗಳನ್ನು ತಿರಸ್ಕರಿಸಲಾಗುತ್ತಿದೆ’ ಎನ್ನುವುದೇ ಪ್ರಾಮಾಣಿಕ, ಅವಸರದಲ್ಲಿ ಒಂದು ಕರ್ತೃವನ್ನು ಕೂರಿಸಿದರೆ ಆಮೇಲೆ ಅದನ್ನು ಇಳಿಸುವುದು ಕಷ್ಟ. ಹಾಗೆಯೇ ಇಡೀ ಪ್ಯಾರಾ ಒಂದು ವಸ್ತುವಿನ ಜಾಡು ಹಿಡಿದಿದ್ದರೆ ಕರ್ಮಣಿ ಓದನ್ನು ಸಲೀಸಾಗಿಸುತ್ತದೆ: ‘ಹಳೆಯ ಡಿಸ್ಕ್ ಅನ್ನು 10:40ಕ್ಕೆ ಬೇರ್ಪಡಿಸಲಾಯಿತು, 10:55ಕ್ಕೆ ನಕಲು ತೆಗೆಯಲಾಯಿತು, ನಂತರ ವಿಶ್ಲೇಷಣೆಗೆ ಕಳಿಸಲಾಯಿತು.’ ಮಾಡಿದ್ದು ಒಂದೇ ತಂಡ, ಅದನ್ನು ಮೇಲೆಯೇ ಹೇಳಿದ್ದರೆ ಪ್ರತಿ ವಾಕ್ಯದಲ್ಲೂ ಮತ್ತೆ ಹೇಳುವುದು ಕಿರಿಕಿರಿ. ವಿಮಾನ ಅಪಘಾತಗಳ ತನಿಖೆಯಲ್ಲೂ ಯಾರ ಕಡೆಗೂ ಬೆರಳು ಚಾಚದ ಸಂಯಮವಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಡೆಯುವುದು, ದೂಷಣೆ ಅಥವಾ ಹೊಣೆ ಹಂಚುವುದಲ್ಲ.

ಆದರೆ ಮುಂದಿನ ಕೆಲಸಗಳ ಪಟ್ಟಿಯಲ್ಲಿ ಮಾತ್ರ ಕರ್ಮಣಿಗೆ ಜಾಗವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಅಲರ್ಟ್‌ಗಳನ್ನು ಪುನರ್‌ಪರಿಶೀಲಿಸಲಾಗುವುದು’ ಎಂಬ ವಾಕ್ಯ ಕೆಲಸವನ್ನು ಯಾರಿಗೂ ಕೊಡುವುದಿಲ್ಲ. ‘ಡೇಟಾಬೇಸ್ ತಂಡ ಈ ತಿಂಗಳ 20ರೊಳಗೆ ಡಿಸ್ಕ್ ಅಲರ್ಟ್‌ನ ಮಿತಿಯನ್ನು ಶೇ. 80ಕ್ಕೆ ಇಳಿಸಿ, ಅಲರ್ಟ್ ನೇರವಾಗಿ ಆನ್‌ಕಾಲ್ ಫೋನಿಗೆ ಹೋಗುವಂತೆ ಮಾಡುತ್ತದೆ’ ಎಂದರೆ 21ರಂದು ಹೋಗಿ ಕೇಳಬಹುದು. ಇಂಥ ಕಡೆ ಹೆಸರು ಹಾಕುವುದಕ್ಕೂ ಯಾರೂ ಅಂಜಬೇಕಿಲ್ಲ. ಹಿಂದೆ ನಡೆದುದಕ್ಕೆ ಹೆಸರು ಹಾಕಿದರೆ ಅದು ದೂಷಣೆಯಂತೆ ಕೇಳುತ್ತದೆ, ಮುಂದೆ ನಡೆಯಬೇಕಾದುದಕ್ಕೆ ಹಾಕಿದರೆ ಕೆಲಸ ಹಂಚಿಕೊಂಡಂತೆ.

ಕರಡು ಮುಗಿದ ಮೇಲೆ ಇದನ್ನೆಲ್ಲ ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಫೈಲಿನಲ್ಲಿ ‘ಲಾಯಿತು’, ‘ಲಾಗಿದೆ’, ‘ಲಾಗುವುದು’, ‘ಲಾಗಲಿಲ್ಲ’ ಎಂದು ಒಂದೊಂದಾಗಿ ಹುಡುಕಿ. ಸಿಕ್ಕ ಪ್ರತಿ ಕಡೆ ‘ಯಾರು ಅಥವಾ ಯಾವುದು?’ ಎಂದು ಕೇಳಿ, ಉತ್ತರವನ್ನು ಪಕ್ಕದಲ್ಲಿ ಬರೆಯಿರಿ. ಉತ್ತರ ಹಿಂದಿನ ಸಾಲಿನಲ್ಲೇ ಇದ್ದರೆ ವಾಕ್ಯವನ್ನು ಹಾಗೇ ಬಿಡಿ. ಉತ್ತರ ಗೊತ್ತಿದ್ದು ಎಲ್ಲೂ ಬರೆದಿಲ್ಲದಿದ್ದರೆ ಸೇರಿಸಿ. ಗೊತ್ತಿಲ್ಲದಿದ್ದರೆ ‘ಯಾರು ಮಾಡಿದರೆಂದು ಲಾಗ್‌ಗಳಿಂದ ತಿಳಿಯುತ್ತಿಲ್ಲ’ ಎಂದೇ ಬರೆಯಿರಿ, ಏಕೆಂದರೆ ಲಾಗ್‌ನಲ್ಲಿ ದಾಖಲಾಗದಿರುವುದೂ ಒಂದು ದೋಷ. ಆಮೇಲೆ ‘ಆಯಿತು’ಗಳನ್ನು ಓದುತ್ತಾ ಹೋಗಿ. ಅದು ಎಲ್ಲ ಕಡೆ ಇರುವುದರಿಂದ ಹುಡುಕಾಟಕ್ಕಿಂತ ಕಣ್ಣೇ ಮೇಲು. ‘ಸಂವಹನದ ಕೊರತೆಯಿಂದ ವಿಳಂಬವಾಯಿತು’ ಎಂಬಂಥ ಸಾಲುಗಳೂ ಆಗಲೇ ಸಿಗುತ್ತವೆ. ಯಾರು ಯಾರಿಗೆ ಏನು ಹೇಳಬೇಕಿತ್ತು, ಎಷ್ಟು ಹೊತ್ತಿಗೆ ಹೇಳಿದರು ಎಂದು ಬಿಡಿಸಿ ಬರೆದರೆ ಆ ‘ಕೊರತೆ’ ಒಂದು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

ಈ ವಿಧಾನ ಕೈಕೊಡುವ ಒಂದು ಸಂದರ್ಭ ಸಣ್ಣ ತಂಡಗಳದ್ದು. ‘ರಾತ್ರಿ ಪಾಳಿಯ ಇಂಜಿನಿಯರ್’ ಎಂದು ಬರೆದರೂ ಆ ಪಾಳಿಯಲ್ಲಿ ಒಬ್ಬರೇ ಇದ್ದರೆ ಅದು ಹೆಸರು ಹೇಳಿದಂತೆಯೇ. ಅಲ್ಲಿ ಪಾತ್ರದ ಹೆಸರು ರಕ್ಷಣೆ ಕೊಡುವುದಿಲ್ಲ, ‘ಲಾಯಿತು’ವೂ ಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ವಾಕ್ಯದಿಂದ ಅಡಗಿಸಲಾಗದು. ಹೀಗಿರುವಾಗ ವರದಿಯನ್ನು ಅಂತಿಮಗೊಳಿಸುವ ಮೊದಲು ಆ ವ್ಯಕ್ತಿಗೇ ಓದಲು ಕೊಡಬೇಕು. ತಾನು ಆಗ ಪರದೆಯಲ್ಲಿ ಕಂಡದ್ದೇನು, ಏನೆಂದು ತಿಳಿದು ಆ ಹೆಜ್ಜೆ ಇಟ್ಟೆ ಎಂಬುದನ್ನು ಅವರ ಮಾತಿನಲ್ಲೇ, ‘ನಾನು’ ಎಂದೇ ಸೇರಿಸಲು ಬಿಡಬೇಕು. ಹಾಗೆ ಬರೆದುಕೊಟ್ಟದ್ದನ್ನು ಶಿಸ್ತುಕ್ರಮಕ್ಕೆ ಬಳಸುವುದಿಲ್ಲ ಎಂದು ಮೇಲಿನವರು ಮೊದಲೇ ಲಿಖಿತವಾಗಿ ಹೇಳಿರಬೇಕು. ಆ ಭರವಸೆ ಇಲ್ಲದ ಕಡೆ ಜನ ಮತ್ತೆ ‘ಲಾಯಿತು’ವಿಗೇ ಮರಳುತ್ತಾರೆ, ಹಾಗೆ ಮರಳಿದವರನ್ನು ದೂರುವಂತೆಯೂ ಇಲ್ಲ.